ಪದ ಎತ್ತುವ ಮುಂಚಿನ ಎರಡು ಸೆಕೆಂಡು

ಜುಲೈ 6, 2025, ಭಾನುವಾರ

ಮಳೆ ಹಿಡಿದದ್ದು ಬಿಟ್ಟಿಲ್ಲ. ಮೇಳಗಳ ತಿರುಗಾಟ ನಿಂತಿರುವ ಈ ದಿನಗಳೇ ನಮಗೆ ಕೆಲಸದ ಕಾಲ. ಊರೂರಲ್ಲಿ ತಾಳಮದ್ದಳೆ. ಭಾವ ನಿನ್ನೆ ರಾತ್ರಿ ಒದ್ದೆ ಕೊಡೆಯೊಂದಿಗೆ ಹಾರ್ಡ್ ಡಿಸ್ಕನ್ನೂ ತಂದು ಮೇಜಿನ ಮೇಲಿಟ್ಟರು. ಪ್ರಸಂಗ ‘ಕರ್ಣಭೇದನ’. ಎರಡು ಕ್ಯಾಮರಾ, ನಾಲ್ಕು ಮೈಕು, ಒಟ್ಟು ಎರಡು ಗಂಟೆ ಹತ್ತು ನಿಮಿಷ.

ಹಿಮ್ಮೇಳದ ಧ್ವನಿ ಈ ಸಲ ಚೊಕ್ಕ ಬಂದಿದೆ. ಮದ್ದಳೆಯ ಮೇಲೆ ಬೆರಳು ಬೀಳುವುದೂ ಕೇಳುತ್ತದೆ. ಎಡಿಟಿಂಗ್ ಹೆಚ್ಚಿಲ್ಲ, ತಾಳಮದ್ದಳೆಯಲ್ಲಿ ಕತ್ತರಿಸುವುದಕ್ಕೆ ಏನೂ ಇರುವುದಿಲ್ಲ, ಇರಲೂ ಬಾರದು. ಕಷ್ಟ ಇರುವುದು ಕೊನೆಯ ಹಂತದಲ್ಲಿ. ಇಷ್ಟು ಉದ್ದದ ವೀಡಿಯೊದ ಒಳಗೆ ಜಾಹೀರಾತು ಎಲ್ಲೆಲ್ಲಿ ಬರಬೇಕು?

ಬೇಡವೇ ಬೇಡ ಎನ್ನುವ ಹಾಗಿಲ್ಲ. ಕಲಾವಿದರ ಸಂಭಾವನೆಗೆ ನಾವು ಸೇರಿಸುವ ಪಾಲು, ವಾಹನದ ಖರ್ಚು, ಹೊಸ ಮೈಕು ಎಲ್ಲವೂ ಇದರಿಂದಲೇ ಹೊರಡಬೇಕು. ಯೂಟ್ಯೂಬಿನಲ್ಲಿ ಎಂಟು ನಿಮಿಷ ಅಥವಾ ಅದಕ್ಕಿಂತ ಉದ್ದದ ವೀಡಿಯೊಗೆ ಮಾತ್ರ ನಡುವೆ ಜಾಹೀರಾತು ಇಡಬಹುದು. 2020ರ ಜುಲೈ ತನಕ ಅದು ಹತ್ತು ನಿಮಿಷವಿತ್ತು. ನಮ್ಮದು ಎರಡು ಗಂಟೆ ದಾಟುವುದರಿಂದ ಆ ಮಿತಿಯ ಚಿಂತೆಯಿಲ್ಲ. ಅತಿಯಾಗುವುದೇ ನಮ್ಮ ಚಿಂತೆ.

ಜುಲೈ 9, ಬುಧವಾರ

ವೀಡಿಯೊವನ್ನು ಅನ್‌ಲಿಸ್ಟೆಡ್ ಆಗಿ ಏರಿಸಿ, ಸ್ಟುಡಿಯೊದಲ್ಲಿ ಜಾಹೀರಾತು ಬ್ರೇಕುಗಳ ಪುಟ ತೆರೆದು, ಸ್ವಯಂಚಾಲಿತವಾಗಿ ಇಡುವ ಆಯ್ಕೆಯನ್ನು ಒತ್ತಿ ನೋಡಿದೆ. ಸಾಲಾಗಿ ಗೆರೆಗಳು ಬಂದವು. ಒಂದೊಂದರ ಮೇಲೂ ಕ್ಲಿಕ್ ಮಾಡಿ ಹತ್ತು ಸೆಕೆಂಡು ಹಿಂದಿನಿಂದ ಕೇಳುತ್ತ ಹೋದೆ.

ಹೆಚ್ಚಿನವು ಸರಿಯಾಗಿಯೇ ಇದ್ದವು. ಒಂದು ಗೆರೆ ಮಾತ್ರ 1:02:40ರಲ್ಲಿ ನಿಂತಿತ್ತು. ಅಲ್ಲಿ ಏನು ನಡೆಯುತ್ತಿದೆ ಎಂದರೆ, ಕೃಷ್ಣ ಕರ್ಣನಿಗೆ ‘ನೀನು ಕುಂತಿಯ ಮಗ’ ಎಂದು ಹೇಳಿ ಮುಗಿಸಿದ್ದಾನೆ. ಕರ್ಣನ ಅರ್ಥ ಹೇಳುವವರು ಮಾತಾಡುವುದಿಲ್ಲ. ಏಳು ಸೆಕೆಂಡು. ಶ್ರುತಿ ಮಾತ್ರ ಉಳಿದಿದೆ. ಸಭೆಯಲ್ಲಿ ಯಾರೋ ಕೆಮ್ಮು ತಡೆದುಕೊಂಡದ್ದು ಕೇಳುತ್ತದೆ. ಆ ಏಳು ಸೆಕೆಂಡಿಗಾಗಿ ಜನ ಎರಡು ಗಂಟೆ ಕೂತಿರುತ್ತಾರೆ.

ಕಾರಣ ಊಹಿಸಬಹುದು. 2025ರ ಮೇ 12ರಿಂದ ಯೂಟ್ಯೂಬ್ ನಡುವಿನ ಜಾಹೀರಾತನ್ನು ಮಾತು ನಿಂತಲ್ಲಿ, ದೃಶ್ಯ ಬದಲಾದಲ್ಲಿ ಹೆಚ್ಚು ತೋರಿಸುತ್ತದೆ, ವಾಕ್ಯದ ಮಧ್ಯೆ ಬರುವುದನ್ನು ಕಡಿಮೆ ಮಾಡುತ್ತದೆ. ಬಹಳಷ್ಟು ವೀಡಿಯೊಗಳಿಗೆ ಇದು ಒಳ್ಳೆಯದೇ. ಅಡುಗೆಯ ವೀಡಿಯೊದಲ್ಲಿ ಮಾತು ನಿಂತಿತು ಎಂದರೆ ಒಂದು ಹಂತ ಮುಗಿಯಿತು ಎಂದು ಅರ್ಥ. ತಾಳಮದ್ದಳೆಯಲ್ಲಿ ಹಾಗಲ್ಲ, ಮಾತು ನಿಂತಾಗಲೇ ಮುಖ್ಯವಾದದ್ದು ನಡೆಯುವುದು. ನಾಟಕ, ಸಂಗೀತ, ಸಂದರ್ಶನ ಮಾಡುವವರಿಗೂ ಇದೇ ತೊಂದರೆ ಇರಬೇಕು. ಒಬ್ಬ ಮುದುಕ ತನ್ನ ಮಗನ ಸಾವಿನ ಬಗ್ಗೆ ಹೇಳುತ್ತ ನಿಂತರೆ ಅದೂ ಯಂತ್ರಕ್ಕೆ ಮೌನವೇ.

ಆ ಗೆರೆಯನ್ನು ಅಳಿಸಿದೆ. ಆಮೇಲೆ ಯೋಚಿಸಿ, ಉಳಿದವನ್ನೂ ಅಳಿಸಿದೆ. ಒಂದೊಂದು ಜಾಗವನ್ನೂ ಕೈಯಿಂದಲೇ ಇಡುವುದು ಎಂದು ನಿಶ್ಚಯಿಸಿದೆ. ಕೈಯಿಂದ ಇಟ್ಟದ್ದರ ಜೊತೆ ಸ್ವಯಂಚಾಲಿತ ಜಾಗಗಳನ್ನೂ ಸೇರಿಸಿದ ಚಾನೆಲ್ಲುಗಳಿಗೆ, ಕೈಯಿಂದ ಮಾತ್ರ ಇಟ್ಟವರಿಗಿಂತ ಸರಾಸರಿ ಶೇ. 5ಕ್ಕೂ ಹೆಚ್ಚು ಜಾಹೀರಾತು ಆದಾಯ ಬಂದಿದೆ ಎಂದು ಯೂಟ್ಯೂಬ್ ಹೇಳಿದೆ. ಇರಬಹುದು. ಆ ಐದರ ಆಸೆಗೆ ಕರ್ಣನ ಮೌನವನ್ನು ಕೊಡಲಾರೆ.

ಜುಲೈ 13, ಭಾನುವಾರ

ಭಾಗವತರು ಬಂದಿದ್ದರು. ಕಾಫಿ ಕುಡಿದ ಮೇಲೆ ಲ್ಯಾಪ್‌ಟಾಪ್ ಅವರ ಮುಂದಿಟ್ಟು ಕೇಳಿದೆ, “ನೀವೇ ಹೇಳಿ, ಇದರಲ್ಲಿ ಎಲ್ಲಿ ನಿಲ್ಲಿಸಿದರೆ ನಿಮಗೆ ನೋವಾಗುವುದಿಲ್ಲ?”

ಅವರು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಹೇಳಿದರು, “ನೋಡು ಮಾರಾಯ್ತಿ, ಪದ ಮುಗಿದ ಕೂಡಲೇ ನಿಲ್ಲಿಸಬೇಡ. ಪದ ಮುಗಿದದ್ದು ಅರ್ಥ ಶುರುವಾಗಲಿಕ್ಕೆ. ಪದ, ಅದರ ಅರ್ಥ ಎರಡೂ ಒಂದೇ. ಅರ್ಥ ಮುಗಿದು ನಾನು ಮುಂದಿನ ಪದ ಎತ್ತುವ ಮೊದಲು ನಿಲ್ಲಿಸು.”

“ಅಲ್ಲಿ ಜಾಗವೇ ಇಲ್ಲವಲ್ಲ. ಅವರ ಮಾತಿನ ಕೊನೆಯ ಅಕ್ಷರದ ಮೇಲೆಯೇ ನೀವು ಎತ್ತುತ್ತೀರಿ.”

ಅವರು ನಕ್ಕರು. “ಎತ್ತಲೇಬೇಕು. ಬಿಟ್ಟರೆ ಕಾವು ಇಳಿಯುತ್ತದೆ.”

ಈ ಒಂದು ಮಾತಿನಲ್ಲಿ ನನ್ನ ಇಡೀ ಸಮಸ್ಯೆ ಇದೆ. ಜಾಹೀರಾತಿಗೆ ಸರಿಯಾದ ಜಾಗ ಎಂದರೆ ಒಂದು ಘಟ್ಟ ಮುಗಿದ ಜಾಗ. ಆದರೆ ಘಟ್ಟ ಮುಗಿದ ಜಾಗವೇ ಜನ ಎದ್ದು ಹೋಗುವ ಜಾಗವೂ ಹೌದು. ಮಾತಿನ ಮಧ್ಯೆ ಜಾಹೀರಾತು ಬಂದರೆ ಸಿಟ್ಟು ಬಂದು ಹೋಗುತ್ತಾರೆ, ಮುಗಿದಲ್ಲಿ ಬಂದರೆ ಸಮಾಧಾನದಿಂದ ಹೋಗುತ್ತಾರೆ. ಗ್ರಾಫಿನಲ್ಲಿ ಎರಡೂ ಒಂದೇ. ಭಾಗವತರು ಪದವನ್ನು ಮಾತಿನ ಮೇಲೆಯೇ ಎತ್ತುವುದು ಆ ಎದ್ದು ಹೋಗುವಿಕೆಯನ್ನು ತಡೆಯಲಿಕ್ಕೇ. ಯೂಟ್ಯೂಬ್ ಬರುವ ಎಷ್ಟೋ ಮೊದಲೇ ಆಟದವರಿಗೆ ಇದು ಗೊತ್ತಿತ್ತು.

ಹಾಗಾದರೆ ಮಾಡಬೇಕಾದದ್ದು ಇಷ್ಟು. ಹಿಂದಿನದು ಮುಗಿದಿರಬೇಕು, ಮುಂದಿನದರ ಆಸೆ ಹುಟ್ಟಿರಬೇಕು, ಇವೆರಡರ ನಡುವೆ ಬ್ರೇಕ್ ಇರಬೇಕು.

ಟಿವಿ ಧಾರಾವಾಹಿಯವರು ಮಾಡುವ ಹಾಗೆ, ಬಾಗಿಲು ತೆರೆಯಿತು, ಯಾರು ಬಂದರು ಎನ್ನುವಲ್ಲಿ ನಿಲ್ಲಿಸುವುದು ಇದಲ್ಲ. ಉತ್ತರವನ್ನು ಅಡಗಿಸಿಟ್ಟು ಜಾಹೀರಾತು ತೋರಿಸಿದರೆ ಒಂದು ಸಲ ಕಾಯುತ್ತಾರೆ. ಟಿವಿಯ ಮುಂದೆ ಕೂತವರಿಗೆ ಬೇರೆ ದಾರಿ ಇರಲಿಲ್ಲ. ಫೋನಿನಲ್ಲಿ ನೋಡುವವರಿಗೆ ಅದೇ ಪರದೆಯ ಕೆಳಗೆ ಇನ್ನೂ ಹತ್ತು ವೀಡಿಯೊಗಳಿವೆ.

ಜುಲೈ 16, ಬುಧವಾರ

ಮಧ್ಯಾಹ್ನ ತನಕ ಕರೆಂಟ್ ಇರಲಿಲ್ಲ. ಸಂಜೆ ಕೂತು ಎಂಟು ಜಾಗಗಳನ್ನು ಗುರುತಿಸಿದೆ.

ಏರಿಸಿದ ವೀಡಿಯೊವನ್ನು ಯೂಟ್ಯೂಬಿನಲ್ಲಿ ಬದಲಾಯಿಸಲು ಬರುವುದಿಲ್ಲ. ತುಂಡು ತೆಗೆಯಬಹುದು, ಹೊಸದನ್ನು ನಡುವೆ ಸೇರಿಸಲಾಗದು. ಆದ್ದರಿಂದ ಬ್ರೇಕಿನ ಜಾಗವನ್ನು ಎಡಿಟಿಂಗಿನಲ್ಲೇ ಮಾಡಿಟ್ಟುಕೊಳ್ಳಬೇಕು. ಪರೀಕ್ಷೆಗೆ ಏರಿಸಿದ್ದನ್ನು ಅಳಿಸಿ, ಟೈಮ್‌ಲೈನಿಗೆ ಮರಳಿದೆ.

ಅರ್ಥದ ಕೊನೆಯ ಮಾತು ಮತ್ತು ಪದದ ಮೊದಲ ಸ್ವರ ಒಂದರ ಮೇಲೊಂದು ಬಿದ್ದಿರುವುದನ್ನು ಬಿಡಿಸುವುದು ಹೇಗೆ? ನಾಲ್ಕು ಮೈಕುಗಳೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಇರುವುದರಿಂದ ಇದು ಸಾಧ್ಯವಾಯಿತು. ಅರ್ಥಧಾರಿಯ ಮೈಕಿನಲ್ಲಿ ಕೊನೆಯ ಅಕ್ಷರ ಮುಗಿಯಲು ಬಿಟ್ಟು, ಶ್ರುತಿಯನ್ನು ಮಾತ್ರ ಎರಡು ಸೆಕೆಂಡು ಎಳೆದು, ನಿಧಾನ ಇಳಿಸಿದೆ. ಪರದೆ ಕಪ್ಪಾಗಿ ಅದರ ಮೇಲೆ ಒಂದೇ ಸಾಲು: ‘ಮುಂದೆ: ಕೃಷ್ಣ ಕರ್ಣನನ್ನು ರಥಕ್ಕೆ ಕರೆಯುವುದು’. ಅದು ಮೂರು ಸೆಕೆಂಡು. ಆಮೇಲೆ ಅರ್ಧ ಸೆಕೆಂಡು ಪೂರ್ತಿ ಮೌನ. ಬ್ರೇಕ್ ಅಲ್ಲಿ. ಮೌನ ಮುಗಿದ ಕೂಡಲೇ ಭಾಗವತರ ಆಲಾಪ ಮೊದಲಿನಿಂದ, ಒಂದು ಸ್ವರವೂ ಹೋಗದೆ.

ಸಾಲು ಬ್ರೇಕಿನ ಮುಂಚೆ ಬರಬೇಕು, ನಂತರ ಅಲ್ಲ. ಜಾಹೀರಾತು ನೋಡುತ್ತಿರುವಾಗ ಅವರ ತಲೆಯಲ್ಲಿ ಆ ಸಾಲು ಇರಬೇಕು. ಸಾಲಿನಲ್ಲಿ ಇರುವ ವಿಷಯ ನಿಜವಾಗಿ ಆ ಕೂಡಲೇ ಬರಬೇಕು. ಅರ್ಧ ಗಂಟೆಯ ನಂತರ ಬರುವ ಕುಂತಿಯ ಪ್ರವೇಶವನ್ನು ಈಗಲೇ ತೋರಿಸಿ ಕಾಯಿಸಬಾರದು.

ಆರು ಕಡೆ ಹೀಗೆ ಮಾಡಲು ಬಂತು. ಎರಡು ಕಡೆ ಎಷ್ಟು ಪ್ರಯತ್ನಿಸಿದರೂ ಚೆಂಡೆಯ ಪೆಟ್ಟು ಎಲ್ಲ ಮೈಕುಗಳಲ್ಲೂ ಸೇರಿಕೊಂಡಿದೆ. ಅಲ್ಲಿ ಸಾಲು ಹಾಕಲಿಲ್ಲ, ಬರೇ ಸಣ್ಣ ಮೌನ ಬಿಟ್ಟೆ.

ಮೊದಲ ಬ್ರೇಕ್ 11ನೇ ನಿಮಿಷದಲ್ಲಿ, ಕೃಷ್ಣನ ಪೀಠಿಕೆ ಮುಗಿದ ಮೇಲೆ. ಪೀಠಿಕೆಯನ್ನು ತುಂಡು ಮಾಡಿದರೆ ಆ ಕಲಾವಿದರ ಶೈಲಿ ಹೊಸಬರಿಗೆ ಸಿಕ್ಕುವುದೇ ಇಲ್ಲ. ಉಳಿದವು 24, 38, 53, 68, 84, 101 ಮತ್ತು 117ನೇ ನಿಮಿಷದ ಹತ್ತಿರ. ಸಮ ಅಂತರ ಬೇಕೆಂದು ಇಟ್ಟದ್ದಲ್ಲ, ಪದಗಳು ಅಲ್ಲಲ್ಲಿ ಬಿದ್ದದ್ದರಿಂದ ಹಾಗೆ ಬಂತು. ಪುನಃ ಏರಿಸಿ, ಎಂಟು ಜಾಗಗಳನ್ನೂ ಇಟ್ಟು, ಪ್ರತಿಯೊಂದನ್ನೂ ಪ್ರಿವ್ಯೂನಲ್ಲಿ ಕೇಳಿದೆ. ಕೈಯಿಂದ ಇಟ್ಟ ಜಾಗ ನೋಡುಗರಿಗೆ ಅಡ್ಡಿಯಾದೀತೇ ಎಂದು ಸ್ಟುಡಿಯೊ ಈಗ ಸೂಚನೆ ಕೊಡುತ್ತದೆ. ಅರ್ಧ ಸೆಕೆಂಡಿನ ಮೌನ ಇದ್ದಲ್ಲಿ ತಕರಾರು ಬರಲಿಲ್ಲ.

ಭಾವ ಕೇಳಿದರು, “ಎಂಟು ಇಟ್ಟರೆ ಎಂಟೂ ಬರುತ್ತದಾ?” ಬರಬೇಕೆಂದಿಲ್ಲ. ನಾವು ಇಡುವುದು ಜಾಗ ಮಾತ್ರ. ಯಾರಿಗೆ, ಎಲ್ಲಿ, ಎಷ್ಟು ತೋರಿಸಬೇಕೆಂದು ನಿರ್ಧರಿಸುವುದು ಅವರು. ಪ್ರೀಮಿಯಂ ಹಣ ಕಟ್ಟಿದವರಿಗೆ ಒಂದೂ ಬರುವುದಿಲ್ಲ, ಅವರು ನೋಡಿದ ಹೊತ್ತಿಗೆ ಅನುಸಾರವಾಗಿ ಅವರ ಚಂದಾದ ಒಂದು ಪಾಲು ನಮಗೆ ಬರುತ್ತದೆ.

ಜುಲೈ 20, ಭಾನುವಾರ

ಕಳೆದ ವರ್ಷದ ಒಂದು ವೀಡಿಯೊದ ಬಗ್ಗೆ ಭಾವನಿಗೂ ನನಗೂ ಚರ್ಚೆ ನಡೆದೇ ಇದೆ. ಹಳೆಯದಾದರೂ ಅದನ್ನು ಇಂದಿಗೂ ದಿನಕ್ಕೆ ಇನ್ನೂರು ಮಂದಿಯಾದರೂ ನೋಡುತ್ತಾರೆ. ಅದರ ರಿಟೆನ್ಷನ್ ಗ್ರಾಫ್ 38:20ರಲ್ಲಿ ದಢಕ್ಕನೆ ಇಳಿಯುತ್ತದೆ. ಅಲ್ಲೇ ಒಂದು ಜಾಹೀರಾತು ಬ್ರೇಕ್ ಇದೆ. “ಜಾಹೀರಾತಿನಿಂದಲೇ ಜನ ಹೋದರು” ಎಂದು ಭಾವನ ವಾದ.

ಆದರೆ ಅಲ್ಲಿ ಇನ್ನೊಂದೂ ಇದೆ. ಬ್ರೇಕ್ ಆದ ಮೇಲೆ ಆರು ನಿಮಿಷ ಸನ್ಮಾನ ಕಾರ್ಯಕ್ರಮ. ಹಾರ, ಶಾಲು, ಫಲಕ, ಇಬ್ಬರ ಭಾಷಣ. ಸಂಘಟಕರ ಆಗ್ರಹದಿಂದ ಅದನ್ನು ವೀಡಿಯೊದಲ್ಲೇ ಉಳಿಸಿಕೊಂಡಿದ್ದೇವೆ. ಎರಡರಲ್ಲಿ ಯಾವುದು ಜನರನ್ನು ಕಳಿಸಿತು ಎಂದು ತಿಳಿಯಲು ಒಂದೇ ಉಪಾಯ, ಅವೆರಡನ್ನೂ ದೂರ ಮಾಡುವುದು. ವೀಡಿಯೊ ಬದಲಾಯಿಸಲು ಬಾರದಿದ್ದರೂ ಬ್ರೇಕನ್ನು ಯಾವಾಗ ಬೇಕಾದರೂ ಸರಿಸಬಹುದು. ಅದನ್ನು 38:20ರಿಂದ ತೆಗೆದು 31:05ಕ್ಕೆ, ಒಂದು ಅರ್ಥ ಮುಗಿಯುವಲ್ಲಿ ಇಟ್ಟೆ. ಇಂದಿನ ದಿನಾಂಕ ಬರೆದಿಟ್ಟಿದ್ದೇನೆ. ಇಳಿತ ಬ್ರೇಕಿನ ಜೊತೆ ಹೋದರೆ ಕಾರಣ ಜಾಹೀರಾತು. ಅಲ್ಲೇ ಉಳಿದರೆ ಕಾರಣ ಸನ್ಮಾನ.

ಮೂರು ವಾರ ಮುಟ್ಟಬಾರದು. ನಡುವೆ ಶೀರ್ಷಿಕೆ, ಥಂಬ್‌ನೇಲ್ ಯಾವುದನ್ನೂ ಬದಲಾಯಿಸಬಾರದು, ಬದಲಾಯಿಸಿದರೆ ಬರುವ ಜನರೇ ಬೇರೆಯಾಗುತ್ತಾರೆ.

ಆಗಸ್ಟ್ 10, ಭಾನುವಾರ

ಗ್ರಾಫಿನಲ್ಲಿ ದಿನಾಂಕ ಆರಿಸಿ, ಜುಲೈ 20ರ ಹಿಂದಿನ ಮೂರು ವಾರ ಮತ್ತು ನಂತರದ ಮೂರು ವಾರ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಕೊನೆಯ ಎರಡು ದಿನ ಬಿಟ್ಟೆ, ರಿಟೆನ್ಷನ್ ಲೆಕ್ಕ ಬರಲು ಅಷ್ಟು ಹೊತ್ತು ಬೇಕು.

38:20ರ ಇಳಿತ ಹೋಗಲಿಲ್ಲ. ಸ್ವಲ್ಪ ಕಡಿಮೆಯಾಯಿತು, ಅಷ್ಟೇ. 31:05ರಲ್ಲಿ ಹೊಸದೊಂದು ಸಣ್ಣ ಇಳಿತ ಹುಟ್ಟಿದೆ.

ಇವೆರಡರ ಆಕಾರವನ್ನು ಬಹಳ ಹೊತ್ತು ನೋಡಿದೆ. 38:20ರದು ಒಂದು ಕಣಿವೆ. ಇಳಿದು, ಆರು ನಿಮಿಷ ಕೆಳಗೇ ಇದ್ದು, ಸನ್ಮಾನ ಮುಗಿದು ಭಾಗವತರು ಹಾಡುವಲ್ಲಿ ಪುನಃ ಮೇಲೆ ಬರುತ್ತದೆ. ಎಂದರೆ ಇಲ್ಲಿ ಇಳಿದವರಲ್ಲಿ ಹೆಚ್ಚಿನವರು ಹೋಗಲೇ ಇಲ್ಲ, ಬೆರಳಿನಿಂದ ಎಳೆದು ಸನ್ಮಾನ ದಾಟಿ ಮುಂದೆ ಬಂದಿದ್ದಾರೆ. 31:05ರದು ಮೆಟ್ಟಿಲು. ಇಳಿದದ್ದು ಇಳಿದೇ ಉಳಿದಿದೆ, ಎಲ್ಲೂ ಮೇಲೇರಲಿಲ್ಲ. ಅವರು ನಿಜವಾಗಿ ಹೋದವರು. ಆ ಹೊತ್ತಿಗೆ ನೋಡುತ್ತಿದ್ದ ನೂರರಲ್ಲಿ ಇಬ್ಬರ ಹಾಗೆ.

ಕಣಿವೆ ಎಂದರೆ ವಿಷಯದ ಸಮಸ್ಯೆ, ಮೆಟ್ಟಿಲು ಎಂದರೆ ಜಾಹೀರಾತಿನದ್ದೋ ಘಟ್ಟ ಮುಗಿದದ್ದರದ್ದೋ ಸಮಸ್ಯೆ. ಇದನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ದೊಡ್ಡಕ್ಷರದಲ್ಲಿ ಬರೆದಿಟ್ಟೆ.

ಒಂದು ಮಿತಿಯನ್ನು ಮರೆಯಬಾರದು. ಗ್ರಾಫಿನಲ್ಲಿ ಎಲ್ಲರೂ ಸೇರಿದ್ದಾರೆ. ಆ ಜಾಗದಲ್ಲಿ ಜಾಹೀರಾತು ಬಂದವರು, ಬಾರದವರು, ಪ್ರೀಮಿಯಂನವರು ಎಂದು ಬಿಡಿಸಿ ತೋರಿಸುವುದಿಲ್ಲ. ನೂರಕ್ಕೆ ಇಬ್ಬರು ಹೋದರು ಎಂದರೆ, ಜಾಹೀರಾತು ನಿಜವಾಗಿ ಬಂದವರಲ್ಲಿ ಪ್ರಮಾಣ ಅದಕ್ಕಿಂತ ಹೆಚ್ಚೇ ಇರುತ್ತದೆ. ಹಾಗೆಯೇ ಗ್ರಾಫಿನ ಕೊನೆಯ ಭಾಗವನ್ನು ನಂಬಬಾರದು. ಎರಡನೇ ಗಂಟೆಯಲ್ಲಿ ಉಳಿದಿರುವುದು ಸ್ವಲ್ಪವೇ ಮಂದಿ, ನಾಲ್ಕು ಜನ ಊಟಕ್ಕೆ ಎದ್ದರೂ ಗೆರೆ ನಡುಗುತ್ತದೆ.

ಭಾವ ಒಪ್ಪಿದರು. ಸಂಘಟಕರಿಗೆ ಫೋನ್ ಮಾಡಿ, ಇನ್ನು ಮುಂದೆ ಸನ್ಮಾನವನ್ನು ಬೇರೆ ವೀಡಿಯೊ ಮಾಡಿ ಹಾಕುತ್ತೇವೆ ಎಂದರು. ಸನ್ಮಾನಿತರಿಗೂ ಅದೇ ಅನುಕೂಲ, ಮನೆಯವರಿಗೆ ಕಳಿಸಲು ತಮ್ಮದೇ ಲಿಂಕ್ ಸಿಕ್ಕುತ್ತದೆ.

ಆಗಸ್ಟ್ 17, ಭಾನುವಾರ

ಇವತ್ತು ಲೆಕ್ಕ ಹಾಕಿದೆ. ಬಹಳ ದಿನಗಳಿಂದ ಹೇಳಿಕೊಂಡು ಬಂದದ್ದು, ಹೆಚ್ಚು ಜಾಹೀರಾತು ಇಟ್ಟರೆ ಕೊನೆಗೆ ಹಣವೂ ಕಡಿಮೆಯಾಗುತ್ತದೆ ಎಂದು. ನಿಜವೇ ನೋಡೋಣ ಎಂದು ಕೂತೆ.

‘ಕರ್ಣಭೇದನ’ವನ್ನು 1,000 ಮಂದಿ ತೆರೆದರು ಎಂದಿಟ್ಟುಕೊಂಡೆ. ನಮ್ಮ ಗ್ರಾಫಿನ ಪ್ರಕಾರ 11ನೇ ನಿಮಿಷದಲ್ಲಿ ಸುಮಾರು 500 ಮಂದಿ ಇರುತ್ತಾರೆ. ಮುಂದಿನ ಏಳು ಬ್ರೇಕುಗಳ ಹತ್ತಿರ ಸುಮಾರು 400, 340, 290, 250, 220, 180, 140. ಎಲ್ಲ ಕೂಡಿಸಿದರೆ 2,320 ಅವಕಾಶಗಳು. ಈಗ ನಾಲ್ಕನೇ ನಿಮಿಷದಲ್ಲಿ ಇನ್ನೊಂದು ಬ್ರೇಕ್ ಸೇರಿಸಿದರೆ? ಆಗ ಅಲ್ಲಿ 600 ಮಂದಿ ಇರುತ್ತಾರೆ, 600 ಹೊಸ ಅವಕಾಶಗಳು. ಆ 600 ಮಂದಿ ಮುಂದೆ ಕೊಡಬೇಕಾದದ್ದು 2,320, ತಲೆಗೆ ಹೆಚ್ಚುಕಡಿಮೆ ನಾಲ್ಕು. ಹೊಸ 600 ಕಳೆದುಹೋಗಬೇಕಾದರೆ ಆ ಒಂದು ಜಾಹೀರಾತಿನಿಂದ 150 ಮಂದಿ ಎದ್ದು ಹೋಗಬೇಕು. ಆರುನೂರರಲ್ಲಿ ನೂರೈವತ್ತು, ನಾಲ್ವರಲ್ಲಿ ಒಬ್ಬರು! ಅಷ್ಟು ಮಂದಿ ಎಲ್ಲಿ ಹೋಗುತ್ತಾರೆ?

ಇಟ್ಟ ಕಡೆಯೆಲ್ಲ ಜಾಹೀರಾತು ಬರುವುದಿಲ್ಲ, ನಾಲ್ಕರಲ್ಲಿ ಬಂದರೆ ಹನ್ನೊಂದರಲ್ಲಿ ಬಾರದಿರಬಹುದು. ಆದ್ದರಿಂದ ನಿಜವಾದ ಲಾಭ 600ಕ್ಕಿಂತ ಕಡಿಮೆ. ಆದರೂ ಒಂದೇ ವೀಡಿಯೊದ ಮಟ್ಟಿಗೆ ಲೆಕ್ಕ ಹೆಚ್ಚು ಬ್ರೇಕಿನ ಕಡೆಗೇ ವಾಲುತ್ತದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಎಲ್ಲ ಚಾನೆಲ್ಲುಗಳೂ ಬ್ರೇಕು ತುಂಬಿಸುವುದು ಏಕೆ ಎಂದು ಈಗ ಅರ್ಥವಾಗುತ್ತದೆ, ಅವರ ಮುಂದಿರುವ ಅಂಕಿ ಅವರಿಗೆ ಹಾಗೆಯೇ ಹೇಳುತ್ತದೆ.

ನಷ್ಟ ಆ ವೀಡಿಯೊದಲ್ಲಿ ಕಾಣುವುದಿಲ್ಲ. ನಾಲ್ಕನೇ ನಿಮಿಷದಲ್ಲಿ ಹಲ್ಲು ಕಚ್ಚಿ ಉಳಿದವರು ಮುಂದಿನ ವಾರದ ಪ್ರಸಂಗವನ್ನು ತೆರೆಯುವುದಿಲ್ಲ. ಅದು ಮರಳಿ ಬರುವ ವೀಕ್ಷಕರ ಅಂಕಿಯಲ್ಲಿ, ತಿಂಗಳುಗಳ ಮೇಲೆ, ನಿಧಾನವಾಗಿ ಕಾಣುತ್ತದೆ. ತಾಳಮದ್ದಳೆಗೆ ಪ್ರತಿ ಸಲ ಹೊಸ ಸಾವಿರ ಮಂದಿ ಸಿಕ್ಕುವುದಿಲ್ಲ. ಮುಂಬೈಯಲ್ಲಿರುವವರು, ಗಲ್ಫಿನಲ್ಲಿರುವವರು, ರಾತ್ರಿ ಅಡುಗೆ ಮಾಡುತ್ತ ಕೇಳುವವರು, ಎಲ್ಲ ಅದೇ ಜನ. ಬೇರೆ ಸ್ವಭಾವದ ಚಾನೆಲ್ಲಿಗೆ, ಹುಡುಕಿ ಬಂದು ಒಮ್ಮೆ ನೋಡಿ ಹೋಗುವವರೇ ಹೆಚ್ಚಾಗಿರುವಲ್ಲಿ, ಈ ತೀರ್ಮಾನ ಬೇರೆಯಾಗಬಹುದು. ನಮ್ಮಲ್ಲಿ ಬ್ರೇಕುಗಳ ಸಂಖ್ಯೆಯನ್ನು ಒಂದು ವೀಡಿಯೊದ ಆದಾಯ ನೋಡಿ ನಿರ್ಧರಿಸಬಾರದು.

ಸೆಪ್ಟೆಂಬರ್ 7, ಭಾನುವಾರ

‘ಕರ್ಣಭೇದನ’ದ ಗ್ರಾಫ್ ಈಗ ನಂಬುವಷ್ಟು ನೆಲೆಗೆ ಬಂದಿದೆ.

‘ಮುಂದೆ’ ಎಂಬ ಸಾಲು ಹಾಕಿದ ಆರು ಕಡೆಗಳಲ್ಲಿ ಮೆಟ್ಟಿಲು ಕಾಣುವುದೇ ಕಷ್ಟ. ಆ ಹೊತ್ತಿಗೆ ಇದ್ದ ನೂರರಲ್ಲಿ ಒಬ್ಬರು, ಹೆಚ್ಚೆಂದರೆ ಇಬ್ಬರು. ಸಾಲು ಹಾಕಲಾಗದ ಎರಡು ಕಡೆ ಮೂರು ಮಂದಿಯ ಹಾಗೆ. ಆ ಎರಡೂ ಕಡೆ ಕಥೆಯೂ ಸ್ವಲ್ಪ ಸಡಿಲವೇ ಇತ್ತು, ಆದ್ದರಿಂದ ಪೂರ್ತಿ ಯಶಸ್ಸನ್ನು ಸಾಲಿಗೇ ಕೊಡಲಾರೆ. ಆದರೂ ಮುಂದಿನ ಪ್ರಸಂಗದಲ್ಲಿ ಎಲ್ಲ ಕಡೆಯೂ ಹಾಕುವಷ್ಟು ಧೈರ್ಯ ಬಂದಿದೆ.

1:02:40ರ ಆಸುಪಾಸಿನಲ್ಲಿ ಗ್ರಾಫ್ ಮೇಲೇರಿದೆ. ಜನ ಹಿಂದಕ್ಕೆ ಎಳೆದು ಅದೇ ಏಳು ಸೆಕೆಂಡನ್ನು ಮತ್ತೊಮ್ಮೆ ಕೇಳಿದ್ದಾರೆ. ಭಾಗವತರಿಗೆ ಫೋನ್ ಮಾಡಿ ಹೇಳಿದೆ. “ಅದಕ್ಕೇ ನಾನು ಅಲ್ಲಿ ಪದ ಎತ್ತದೆ ಕಾದದ್ದು” ಎಂದರು.

ಮುಂದಿನ ವಾರ ಹೊಸ ಪ್ರಸಂಗದ ಕೆಲಸ ಶುರು. ಭಾವನೊಂದಿಗೆ ಮಾತಾಡಿ ತೀರ್ಮಾನಿಸಿದ್ದು ಹೀಗೆ: ಪೀಠಿಕೆ ಮುಗಿಯುವ ತನಕ ಬ್ರೇಕ್ ಇಲ್ಲ. ಅರ್ಥ ಮುಗಿದು ಪದ ಎತ್ತುವ ಮೊದಲು ಮಾತ್ರ. ಹಿಮ್ಮೇಳದ ಮೈಕುಗಳನ್ನು ಅರ್ಥಧಾರಿಗಳಿಂದ ಇನ್ನೂ ಸ್ವಲ್ಪ ದೂರ ಇಡಬೇಕು, ಚೆಂಡೆ ಸೇರಿಕೊಳ್ಳದ ಹಾಗೆ. ಎರಡು ಗಂಟೆಯ ವೀಡಿಯೊಗೆ ಎಂಟು ಬ್ರೇಕ್ ಸಾಕು, ಒಂಬತ್ತನೆಯದು ಬೇಡ.